ಮಲೆನಾಡಿನ ಜಿಲ್ಲಾ ರಸ್ತೆ: ಟಾರೋ, ಸಿಮೆಂಟ್ ಬೆರೆಸಿದ ತಳವೋ, ಕಾಂಕ್ರೀಟೋ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾವುದಾದರೂ ಜಿಲ್ಲಾ ರಸ್ತೆ ಮೇಲ್ದರ್ಜೆಗೆ ಹೋಗುತ್ತದೆ ಅಂದ ಕೂಡಲೇ ಒಂದೇ ಚರ್ಚೆ ಶುರುವಾಗುತ್ತದೆ. ಟಾರು ಹಾಕಿದರೆ ಎರಡು ಮಳೆಗೆ ಕಿತ್ತು ಹೋಗುತ್ತದೆ, ಕಾಂಕ್ರೀಟ್ ಮಾಡಿಬಿಡಿ ಅನ್ನುವವರು ಒಂದು ಕಡೆ. ಅಷ್ಟು ದುಡ್ಡು ಎಲ್ಲಿದೆ, ಹಳೇ ರಸ್ತೆ ಮೇಲೇ ಇನ್ನೊಂದು ಕೋಟ್ ಟಾರು ಹಾಕಿ ಸಾಕು ಅನ್ನುವವರು ಇನ್ನೊಂದು ಕಡೆ. ಈಚೆಗೆ ಮೂರನೇ ಗುಂಪೂ ಹುಟ್ಟಿದೆ. ಸ್ಥಳೀಯ ಗ್ರಾವೆಲ್‌ಗೇ ಸಿಮೆಂಟ್ ಬೆರೆಸಿದರೆ ಜಲ್ಲಿ ಉಳಿಯುತ್ತದೆ ಅನ್ನುವುದು ಅವರ ವಾದ.

ಮೂವರ ಮಾತಲ್ಲೂ ನಿಜ ಇದೆ. ಆದರೆ ಯಾವುದು ನಿಮ್ಮ ರಸ್ತೆಗೆ ಸರಿ ಅನ್ನುವುದನ್ನು, ರಸ್ತೆಯ ಪದರಗಳ ದಪ್ಪ ನಿಗದಿ ಮಾಡುವ ಪೇವ್‌ಮೆಂಟ್ ಡಿಸೈನ್ ರಿಪೋರ್ಟ್‌ನ ಎರಡು ಅಂಕಿ ಹೇಳುತ್ತವೆ: ರಸ್ತೆಯ ಮೇಲೆ ಬೀಳುವ ಭಾರ, ಕೆಳಗಿನ ಮಣ್ಣಿನ ಬಲ. ದಪ್ಪದ ಪಟ್ಟಿ ಕೊನೆಗೆ ಬರುತ್ತದೆ. ಎಲ್ಲರೂ ಮೊದಲು ನೋಡುವುದು ಆ ಪಟ್ಟಿಯನ್ನೇ, ಅಲ್ಲೇ ತಪ್ಪುವುದು.

ಹಾಗಾಗಿ ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಕಾಲ್ಪನಿಕ ರಸ್ತೆ, ಆದರೆ ಮಲೆನಾಡಿನಲ್ಲಿ ಇಂಥವು ಬೇಕಾದಷ್ಟಿವೆ. ಅಗಲ 5.5 ಮೀಟರ್, ಎರಡೂ ಬದಿ ಒಂದೂವರೆ ಮೀಟರ್ ಮಣ್ಣಿನ ಅಂಚು. ಅರ್ಧ ದಾರಿ ಗುಡ್ಡದ ಧರೆ ಕಡಿದು ಮಾಡಿದ್ದು, ನಡುವೆ ಗದ್ದೆ ಬಯಲು ದಾಟುವ ಏರಿ. ದಿನಕ್ಕೆ ಎರಡೂ ದಿಕ್ಕಿನಿಂದ ಸೇರಿ 210 ಭಾರಿ ವಾಹನ. ಬಸ್ಸು, ಲಾರಿ, ಅಡಿಕೆ ತುಂಬಿದ ಗಾಡಿ, ಕ್ರಷರ್‌ನಿಂದ ಬರುವ ಜಲ್ಲಿ ಟಿಪ್ಪರ್ ಎಲ್ಲ ಇದರಲ್ಲಿ ಬರುತ್ತವೆ. ಬೈಕು, ಕಾರು, ಆಟೋ ಎಣಿಸುವ ಹಾಗಿಲ್ಲ. ತುಂಬಿದಾಗ 3 ಟನ್‌ ಅಥವಾ ಅದಕ್ಕೂ ಜಾಸ್ತಿ ತೂಗುವುದಷ್ಟೇ ಲೆಕ್ಕ.

ಮೊದಲು ಅಳತೆಗೋಲು

ಆಯ್ಕೆಗಳನ್ನು ತೂಗಲು ನಾನು ಐದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಹದಿನೈದು ವರ್ಷದಲ್ಲಿ ಎಷ್ಟು ಭಾರ ಹಾಯುತ್ತದೆ? ಮಣ್ಣು ನೆನೆದಾಗ ಎಷ್ಟು ತಡೆಯುತ್ತದೆ? ಒಳಗೆ ಹೋದ ನೀರು ಎಲ್ಲಿಂದ ಹೊರಗೆ ಬರುತ್ತದೆ? ಕೆಲಸಕ್ಕೆ ಎಷ್ಟು ತಿಂಗಳು ಸಿಗುತ್ತದೆ, ಅಷ್ಟು ದಿನ ಬಸ್ಸು ಎಲ್ಲಿ ಹೋಗಬೇಕು? ಜಲ್ಲಿ ಎಷ್ಟು ದೂರದಿಂದ ಬರುತ್ತದೆ? ಮೊದಲ ಎರಡನ್ನು ಸ್ವಲ್ಪ ವಿವರವಾಗಿ ನೋಡಲೇಬೇಕು, ಯಾಕಂದರೆ ಅವೆರಡು ತಪ್ಪಿದರೆ ಉಳಿದ ಹೋಲಿಕೆಗೆ ಅರ್ಥವೇ ಇಲ್ಲ.

ಭಾರದ ಲೆಕ್ಕ: ಗುಡ್ಡಗಾಡು ಅನ್ನುವ ಕಾಲಂ

ರಿಪೋರ್ಟ್‌ನಲ್ಲಿ ಭಾರವನ್ನು ಎಂಎಸ್‌ಎ ಅಂತ ಬರೆದಿರುತ್ತಾರೆ. 80 ಕಿಲೋನ್ಯೂಟನ್ ಭಾರದ, ಅಂದರೆ ಸುಮಾರು 8 ಟನ್ನಿನ ಒಂದು ಆಕ್ಸಲ್ ಎಷ್ಟು ಲಕ್ಷ ಸಲ ಹಾದುಹೋದ ಹಾಗೆ ಆಗುತ್ತದೆ ಅನ್ನುವ ಲೆಕ್ಕ ಅದು. ಒಂದು ಎಂಎಸ್‌ಎ ಅಂದರೆ ಹತ್ತು ಲಕ್ಷ ಸಲ. ಸೂತ್ರ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆ ಐಆರ್‌ಸಿ 37ರದ್ದು:

```
N = 365 × [((1+r)^n − 1)/r] × A × D × F
```

r ವರ್ಷಕ್ಕೆ ಸಂಚಾರ ಬೆಳೆಯುವ ದರ, ಕನಿಷ್ಠ 5 ಶೇಕಡಾ ಹಿಡಿಯುತ್ತಾರೆ. n ಆಯಸ್ಸು. ಹೆದ್ದಾರಿಗಳಿಗೆ 20 ವರ್ಷ, ನಮ್ಮ ಜಿಲ್ಲಾ ರಸ್ತೆಯಂಥವಕ್ಕೆ 15. A ಅಂದರೆ ಕೆಲಸ ಮುಗಿದ ವರ್ಷದ ದಿನದ ವಾಹನ. ಇವತ್ತು 210, ಒಂದು ವರ್ಷ ಕಾಮಗಾರಿ, ಅಲ್ಲಿಗೆ 220. D ಅಂದರೆ ಒಂದೇ ಪಥದ ಮೇಲೆ ಬೀಳುವ ಪಾಲು. 5.5 ಮೀಟರ್ ರಸ್ತೆಗೆ 0.75. ಎರಡು ಪಥದ ರಸ್ತೆಗೆ 0.5 ಸಾಕು, ಆದರೆ ಇಲ್ಲಿ ಎರಡೂ ಕಡೆಯ ಲಾರಿ ನಡುವೆಯೇ ಓಡುವುದರಿಂದ ಜಾಸ್ತಿ ಹಿಡಿಯಬೇಕು.

ಇಷ್ಟರವರೆಗೆ ಜಗಳ ಇಲ್ಲ. ಜಗಳ ಇರುವುದು F ಬಗ್ಗೆ. ಒಂದು ಸರಾಸರಿ ಲಾರಿ ಎಷ್ಟು ಸ್ಟ್ಯಾಂಡರ್ಡ್ ಆಕ್ಸಲ್‌ಗೆ ಸಮ ಅನ್ನುವ ಅಂಕಿ ಇದು, ವಿಡಿಎಫ್ ಅಂತ ಕರೆಯುತ್ತಾರೆ. ಆಕ್ಸಲ್ ತೂಕದ ಸರ್ವೆ ಮಾಡದಿದ್ದರೆ ಐಆರ್‌ಸಿ 37ರ 2018ರ ಆವೃತ್ತಿ ಒಂದು ಪಟ್ಟಿ ಕೊಡುತ್ತದೆ. ದಿನಕ್ಕೆ 150ರಿಂದ 1500 ವಾಹನ ಇರುವ ರಸ್ತೆಗೆ ಬಯಲು ಅಥವಾ ಏರಿಳಿತದ ನೆಲದಲ್ಲಿ 3.9, ಗುಡ್ಡಗಾಡಿನಲ್ಲಿ 1.7.

ಮಲೆನಾಡು ಅಂದ ಮೇಲೆ ಗುಡ್ಡಗಾಡು ಅಲ್ವಾ, 1.7 ಹಾಕು ಅಂತ ಸುಮ್ನೆ ಬರೆದುಬಿಡುತ್ತಾರೆ. ಆಗ ನಮ್ಮ ರಸ್ತೆಗೆ ಬರುವ ಉತ್ತರ 2.2 ಎಂಎಸ್‌ಎ. 3.9 ಹಾಕಿದರೆ 5.1. ಒಂದು ಕಾಲಂ ಆಚೀಚೆ ಆದರೆ ಭಾರ ಎರಡೂಕಾಲು ಪಟ್ಟು!

ಎರಡರಲ್ಲಿ ಯಾವುದು ಸರಿ? ಐಆರ್‌ಸಿ ಪ್ರಕಾರ ನೆಲದ ಅಡ್ಡ ಇಳಿಜಾರು 25 ಶೇಕಡಾ ದಾಟಿದರೆ ಮಾತ್ರ ಗುಡ್ಡಗಾಡು. 10ರಿಂದ 25ರ ಒಳಗಿದ್ದರೆ ಅದು ಏರಿಳಿತದ ನೆಲ. ಆಗುಂಬೆ ಘಾಟಿಯ ತಿರುವಿನಲ್ಲಿ ಗುಡ್ಡಗಾಡು ಅನ್ನುವುದಕ್ಕೆ ತಕರಾರಿಲ್ಲ. ಆದರೆ ತೋಟ, ಗದ್ದೆ, ಸಣ್ಣ ಗುಡ್ಡ ಹಾಯ್ದು ಹೋಗುವ ಒಳನಾಡಿನ ಬಹಳಷ್ಟು ರಸ್ತೆ ಈ ಲೆಕ್ಕಕ್ಕೆ ಗುಡ್ಡಗಾಡೇ ಅಲ್ಲ.

ಇನ್ನೊಂದು ಕಾರಣವೂ ಇದೆ. 2018ರ ನಂತರ ಹತ್ತು ಚಕ್ರದ ಟಿಪ್ಪರ್‌ನ ಹಿಂದಿನ ಜೋಡಿ ಆಕ್ಸಲ್ ಮೇಲೆ ಕಾನೂನುಬದ್ಧವಾಗಿಯೇ 21 ಟನ್ ಇರಬಹುದು. ಜೋಡಿ ಆಕ್ಸಲ್‌ಗೆ ಸ್ಟ್ಯಾಂಡರ್ಡ್ 148 ಕಿಲೋನ್ಯೂಟನ್, 21 ಟನ್ ಅಂದರೆ 206. ಹಾನಿ ಭಾರದ ನಾಲ್ಕನೇ ಘಾತದಲ್ಲಿ ಏರುತ್ತದೆ, ಹಾಗಾಗಿ 206 ಭಾಗಿಸು 148, ಅದರ ನಾಲ್ಕನೇ ಘಾತ: 3.75. ಮುಂದಿನ ಆಕ್ಸಲ್ ಸೇರಿಸದೆಯೇ ಇಷ್ಟು. ಅದರ ಮೇಲೆ 20 ಶೇಕಡಾ ಓವರ್‌ಲೋಡ್ ಮಾಡಿದರೆ ಹಾನಿ ಮತ್ತೆ ಎರಡು ಪಟ್ಟು. ನಿಮ್ಮ ರಸ್ತೆಯ ಕೊನೆಯಲ್ಲಿ ಕ್ರಷರ್ ಇದ್ದರೆ 1.7 ಅನ್ನುವ ಅಂಕಿಯನ್ನು ನಂಬಬೇಡಿ.

ಇದಕ್ಕೆ ಸರಿಯಾದ ಪರಿಹಾರ ಆಕ್ಸಲ್ ತೂಕದ ಸರ್ವೆ. ಇಷ್ಟು ಸಣ್ಣ ರಸ್ತೆಯಲ್ಲಿ ಕನಿಷ್ಠ 20 ಶೇಕಡಾ ಭಾರಿ ವಾಹನ ನಿಲ್ಲಿಸಿ ತೂಗಿದರೆ ಸಾಕು, ಅಂದರೆ ದಿನಕ್ಕೆ ನಲವತ್ತು ಚಿಲ್ಲರೆ ಗಾಡಿ. ಎರಡೂ ದಿಕ್ಕಿನಲ್ಲಿ ತೂಗಬೇಕು, ಯಾಕಂದರೆ ಟಿಪ್ಪರ್ ಒಂದು ಕಡೆ ತುಂಬಿ ಹೋಗಿ ಇನ್ನೊಂದು ಕಡೆ ಖಾಲಿ ಬರುತ್ತದೆ. ವಾಹನ ಎಣಿಕೆ ಏಳು ದಿನ, ಹಗಲು ರಾತ್ರಿ. ಅದನ್ನು ಜುಲೈನಲ್ಲಿ ಮಾಡಿದ್ದರೆ ಆ ಎಣಿಕೆಗೆ ಬೆಲೆ ಕಡಿಮೆ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತಿರುತ್ತದೆ, ಟಿಪ್ಪರ್ ಮನೆಯಲ್ಲಿರುತ್ತದೆ. ರಿಪೋರ್ಟ್‌ನ ಅನುಬಂಧದಲ್ಲಿ ಎಣಿಕೆಯ ತಾರೀಕು ನೋಡಿ.

ನಮ್ಮ ಉದಾಹರಣೆಗೆ 5 ಎಂಎಸ್‌ಎ ಹಿಡಿಯೋಣ.

ಮಣ್ಣಿನ ಬಲ: ಸರಾಸರಿ ಅನ್ನುವ ಮೋಸ

ಮಣ್ಣಿನ ಬಲಕ್ಕೆ ಸಿಬಿಆರ್ ಪರೀಕ್ಷೆ. ಅಚ್ಚಿನಲ್ಲಿ ಮಣ್ಣನ್ನು ಸೈಟ್‌ನಲ್ಲಿ ಎಷ್ಟು ಗಟ್ಟಿ ಮಾಡುತ್ತೀವೋ ಅಷ್ಟೇ ಗಟ್ಟಿ ಮಾಡಿ, ನಾಲ್ಕು ದಿನ ನೀರಲ್ಲಿ ನೆನೆಸಿ, ಆಮೇಲೆ ಕಡ್ಡಿ ಒತ್ತಿ ನೋಡುತ್ತಾರೆ. ಅಂಕಿ ಜಾಸ್ತಿ ಇದ್ದಷ್ಟೂ ಮಣ್ಣು ಗಟ್ಟಿ. ನೆನೆಸುವುದು ಮಲೆನಾಡಿನಲ್ಲಿ ಶಾಸ್ತ್ರಕ್ಕಲ್ಲ. ನಮ್ಮ ಜಂಬಿಟ್ಟಿಗೆಯ ಕೆಳಗೆ ಬಿಳಿ, ಹಳದಿ, ಗುಲಾಬಿ ಬಣ್ಣದ ಶೇಡಿ ಮಣ್ಣು ಸಿಗುತ್ತದೆ. ಧರೆ ಕಡಿದಾಗ ಬೇಸಿಗೆಯಲ್ಲಿ ನೋಡಿದರೆ ಕಲ್ಲಿನ ಹಾಗೆ ನಿಂತಿರುತ್ತದೆ, ನೀರು ಕುಡಿದರೆ ಹಿಟ್ಟು. ಒಣ ಸಿಬಿಆರ್ ನೋಡಿ ರಸ್ತೆ ಮಾಡಿದರೆ ಮೊದಲ ಆಷಾಢದಲ್ಲೇ ಗೊತ್ತಾಗುತ್ತದೆ. ರಿಪೋರ್ಟ್‌ನಲ್ಲಿ ನೆನೆಸಿದ ಸಿಬಿಆರ್ ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಕೇಳಿ.

ಈಗ ನಮ್ಮ ರಸ್ತೆಯಲ್ಲಿ ಹತ್ತು ಕಡೆ ಗುಂಡಿ ತೋಡಿ ಮಾದರಿ ತೆಗೆದರು ಅಂದುಕೊಳ್ಳಿ. ಫಲಿತಾಂಶ: 3, 4, 4, 7, 8, 8, 9, 9, 10, 12. ಸರಾಸರಿ 7.4. ಎಷ್ಟೋ ರಿಪೋರ್ಟ್ ಇಲ್ಲಿಗೇ ನಿಂತು 7 ಅಂತ ಬರೆದು ಮುಂದೆ ಹೋಗುತ್ತದೆ.

ಸಂಹಿತೆ ಹೇಳುವುದು ಸರಾಸರಿಯನ್ನಲ್ಲ. 20 ಎಂಎಸ್‌ಎಗಿಂತ ಕಡಿಮೆ ಇರುವ ಜಿಲ್ಲಾ ರಸ್ತೆಗೆ, ನೂರಕ್ಕೆ ಎಂಬತ್ತು ಮಾದರಿ ಯಾವ ಅಂಕಿಯನ್ನು ಮುಟ್ಟುತ್ತವೋ ದಾಟುತ್ತವೋ ಅದನ್ನು ಹಿಡಿಯಬೇಕು. ಹತ್ತರಲ್ಲಿ ಎಂಟು ಮಾದರಿ ಮುಟ್ಟುವ ಅಂಕಿ 4. ಇಡೀ ರಸ್ತೆಗೆ 4 ಹಿಡಿದರೆ ಗುಡ್ಡದ ಭಾಗದಲ್ಲಿ ಸುಮ್ನೆ ಜಲ್ಲಿ ಹೂತ ಹಾಗೆ. 7 ಹಿಡಿದರೆ ಗದ್ದೆಯ ಭಾಗ ಕೂರುತ್ತದೆ.

ಮಾಡಬೇಕಾದ್ದು ಬೇರೆ. ಆ 3, 4, 4 ಎಲ್ಲಿಂದ ಬಂತು ನೋಡಿ. ನಮ್ಮ ಕಡೆ ಹೆಚ್ಚಾಗಿ ಮೂರೂ ಗದ್ದೆ ಬಯಲಿನದ್ದೇ ಆಗಿರುತ್ತವೆ. ರಸ್ತೆಯನ್ನು ಎರಡು ತುಂಡು ಮಾಡಿ ಬೇರೆ ಬೇರೆ ಡಿಸೈನ್ ಮಾಡಿ. ಗುಡ್ಡದ ತುಂಡಿನ ಏಳು ಮಾದರಿಯಿಂದ 8 ಬರುತ್ತದೆ. ಗದ್ದೆಯ ತುಂಡಿಗೆ ಮಾದರಿ ಮೂರೇ ಇರುವುದರಿಂದ ಕೆಳಗಿನ 3 ಹಿಡಿಯುವುದು ಒಳ್ಳೆಯದು.

ಗದ್ದೆಯಲ್ಲಿ 3ರ ಮೇಲೆಯೇ ಪದರ ಕಟ್ಟುವ ಬದಲು, ಮೇಲಿನ 500 ಮಿಮೀಗೆ ಒಳ್ಳೆಯ ಗ್ರಾವೆಲ್ ತಂದು ತುಂಬಬಹುದು. ಸಿಬಿಆರ್ 10 ಇರುವ ಗ್ರಾವೆಲ್ ತುಂಬಿದರೆ ಡಿಸೈನ್‌ಗೆ 10 ಹಿಡಿಯಬಹುದು ಅಂತ ತಿಳಿಯಬೇಡಿ. ಕೆಳಗೆ ಮೆತ್ತಗಿನ ಮಣ್ಣು ಇದ್ದೇ ಇದೆ. ಎರಡೂ ಸೇರಿ ಎಷ್ಟು ಬಾಗುತ್ತವೆ ಅನ್ನುವುದನ್ನು ಐಐಟಿಪೇವ್ ತಂತ್ರಾಂಶದಲ್ಲಿ ಹಾಕಿ ತೆಗೆದರೆ ಆರೂವರೆ, ಏಳರ ಆಸುಪಾಸು ಬರುತ್ತದೆ. ನಾನು 6 ಹಿಡಿಯುತ್ತೇನೆ. ಇದಕ್ಕೆ 8.5 ಮೀಟರ್ ಪೂರ್ತಿ ಅಗಲಕ್ಕೆ ಕಿಲೋಮೀಟರಿಗೆ 4250 ಘನಮೀಟರ್ ಗ್ರಾವೆಲ್ ಬೇಕು. ಜೊತೆಗೆ ಈ ಪದರದ ಮೇಲ್ಮೈ ಗದ್ದೆಯಲ್ಲಿ ನಿಲ್ಲುವ ನೀರಿನ ಮಟ್ಟಕ್ಕಿಂತ ಕನಿಷ್ಠ 0.6 ಮೀಟರ್, ಸಾಧ್ಯವಾದರೆ 1 ಮೀಟರ್ ಎತ್ತರದಲ್ಲಿರಬೇಕು. ಇದು ಸಿಗದಿದ್ದರೆ ಮೇಲೆ ಏನು ಹಾಕಿದರೂ ಅದು ನೀರಿನ ಮೇಲೆ ಕೂತ ರಸ್ತೆ.

ಮೊದಲ ಆಯ್ಕೆ: ಜಲ್ಲಿ ತಳ, ಮೇಲೆ ಟಾರು

ನಮ್ಮ ಎಲ್ಲರಿಗೂ ಗೊತ್ತಿರುವ ಪದ್ಧತಿ. 5 ಎಂಎಸ್‌ಎ, ಸಿಬಿಆರ್ 8 ಇರುವ ಗುಡ್ಡದ ತುಂಡಿಗೆ ಕೆಳಗಿನಿಂದ ಮೇಲಕ್ಕೆ: ಜಿಎಸ್‌ಬಿ ಅನ್ನುವ ನೀರು ಬಿಡುವ ಜಲ್ಲಿಯ ತಳಪದರ 200 ಮಿಮೀ, ಜಲ್ಲಿಗೆ ನೀರು ಬೆರೆಸಿ ಹಾಸುವ ವೆಟ್‌ಮಿಕ್ಸ್ 250 ಮಿಮೀ, ಟಾರು ಬೆರೆಸಿದ ದಪ್ಪ ಜಲ್ಲಿಯ ಪದರ ಡಿಬಿಎಂ 50 ಮಿಮೀ, ಟಾರಿನ ಮೇಲ್ಪದರ ಬಿಸಿ, ಅಂದರೆ ಬಿಟುಮಿನಸ್ ಕಾಂಕ್ರೀಟ್, 30 ಮಿಮೀ. ಒಟ್ಟು 530. ಗದ್ದೆಯ ತುಂಡಿಗೆ ಜಿಎಸ್‌ಬಿ 250 ಮಾಡಿ, ಉಳಿದದ್ದು ಹಾಗೇ. ಇದು ನನ್ನ ಉದಾಹರಣೆಯ ಡಿಸೈನ್. ನಿಮ್ಮದನ್ನು ನಿಮ್ಮ ಅಂಕಿ ಹಾಕಿ ಐಐಟಿಪೇವ್‌ನಲ್ಲಿ ಪರೀಕ್ಷಿಸಲೇಬೇಕು. ಅಲ್ಲಿ ನೋಡುವುದು ಎರಡು ಜಾಗ: ಡಿಬಿಎಂ ತಳದಲ್ಲಿ ಎಳೆತ, ಮಣ್ಣಿನ ಮೇಲ್ಮೈಯಲ್ಲಿ ಒತ್ತಡ. 5 ಎಂಎಸ್‌ಎಗೆ ಮಣ್ಣಿನ ಮೇಲೆ ಸುಮಾರು 780 ಮೈಕ್ರೋಸ್ಟ್ರೇನ್, ಅಂದರೆ ಹತ್ತು ಲಕ್ಷದಲ್ಲಿ 780 ಪಾಲು ಕುಗ್ಗುವಿಕೆ, ದಾಟಬಾರದು.

ಇದರ ದೊಡ್ಡ ಗುಣ ಅಂದರೆ ನೀರು ಹೊರಗೆ ಬಿಡುತ್ತದೆ. ಆದರೆ ಒಂದು ಷರತ್ತು. ಜಿಎಸ್‌ಬಿ ಪೂರ್ತಿ 8.5 ಮೀಟರ್ ಅಗಲ ಹೋಗಿ ಚರಂಡಿಯ ಬದಿಗೆ ತೆರೆದುಕೊಳ್ಳಬೇಕು. ಎಷ್ಟೋ ಕಡೆ ಟಾರಿನ ಅಗಲಕ್ಕಷ್ಟೇ ಜಿಎಸ್‌ಬಿ ಹಾಕಿ, ಅಂಚಿಗೆ ಜೇಡಿ ಮಣ್ಣು ಒತ್ತಿ ಮುಚ್ಚುತ್ತಾರೆ. ಅಲ್ಲಿಗೆ ರಸ್ತೆಯ ಹೊಟ್ಟೆಯೊಳಗೆ ಕೆರೆ ಕಟ್ಟಿದ ಹಾಗಾಯಿತು. ಇಂಥ ರಸ್ತೆಯಲ್ಲಿ ಮಳೆ ನಿಂತ ಮೇಲೂ ಟಾರಿನ ಬಿರುಕಿನಿಂದ ಕೆಸರು ನೀರು ಉಕ್ಕುತ್ತದೆ, ಬಿರುಕಿನ ಸುತ್ತ ಮಣ್ಣಿನ ಕಲೆ ಉಳಿಯುತ್ತದೆ.

ಎರಡನೇ ಮೋಸ ಜಿಎಸ್‌ಬಿಗೆ ಸಿಕ್ಕಿದ ಕೆಮ್ಮಣ್ಣು ಗ್ರಾವೆಲ್ ಹಾಕುವುದು. ಜಿಎಸ್‌ಬಿಯ ಸಣ್ಣ ಪುಡಿಯ ಅಂಟಿನ ಅಳತೆ, ಅಂದರೆ ಪಿಐ, 6 ದಾಟಬಾರದು. ಮಲೆನಾಡಿನ ಗ್ರಾವೆಲ್ ಬಹಳ ಸಲ ಇದನ್ನು ದಾಟುತ್ತದೆ. ಪದರಗಳ ಕೆಳಗಿನ ಮಣ್ಣು, ಅಂದರೆ ಸಬ್‌ಗ್ರೇಡ್, ತುಂಬಲು ಅದು ಚೆನ್ನ, ನೀರು ಬಿಡುವ ಪದರಕ್ಕೆ ಅಲ್ಲ.

ಮೇಲ್ಪದರದಲ್ಲಿ ದುಡ್ಡು ಉಳಿಸಲು ಬಿಸಿ ಬದಲು 20 ಮಿಮೀ ಪ್ರೀಮಿಕ್ಸ್ ಕಾರ್ಪೆಟ್ ಹಾಕೋಣ ಅನ್ನುವವರಿದ್ದಾರೆ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಶಿವಮೊಗ್ಗ ನಗರದ ಪೂರ್ವಕ್ಕೆ, ಮಳೆ ಕಡಿಮೆ ಇರುವಲ್ಲಿ ನಡೆದೀತು. ಹೊಸನಗರ, ಆಗುಂಬೆ ಕಡೆ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಮೀ ಮಳೆ. ಕಾರ್ಪೆಟ್ ಸಡಿಲ ಮಿಶ್ರಣ, ಮೇಲಿನ ಸೀಲ್ ಕೋಟ್ ಸವೆದ ದಿನದಿಂದ ನೀರು ಒಳಗೆ.

ಬೆಲೆಯ ವಿಷಯ. ಲೋಕೋಪಯೋಗಿ ಇಲಾಖೆಯ ವೃತ್ತ ಕಚೇರಿಯ ದರಪಟ್ಟಿ, ಅಂದರೆ ಎಸ್‌ಆರ್, ವರ್ಷ ವರ್ಷ ಬದಲಾಗುತ್ತದೆ, ಹಾಗಾಗಿ ನಾನು ಪ್ರಮಾಣ ಹೇಳುತ್ತೇನೆ, ದರ ನೀವು ಹಾಕಿಕೊಳ್ಳಿ. ಕಿಲೋಮೀಟರಿಗೆ ವೆಟ್‌ಮಿಕ್ಸ್ 1375 ಘನಮೀಟರ್, ಜಿಎಸ್‌ಬಿ 1700. ಎರಡೂ ಸೇರಿ 3075 ಘನಮೀಟರ್ ಕ್ರಷರ್ ಮಾಲು. ಕ್ರಷರ್ ಹತ್ತಿರ ಇದ್ದರೆ ಈ ಆಯ್ಕೆಯೇ ಅಗ್ಗ. ಐವತ್ತು ಕಿಲೋಮೀಟರ್‌ನಿಂದ ತರಬೇಕಾದರೆ ಸಾಗಣೆಯೇ ಬಿಲ್ಲನ್ನು ನುಂಗುತ್ತದೆ.

ಎರಡನೇ ಆಯ್ಕೆ: ಗ್ರಾವೆಲ್‌ಗೆ ಸಿಮೆಂಟ್ ಬೆರೆಸಿದ ತಳ

ಜಲ್ಲಿ ದೂರ ಇದ್ದವರಿಗೆ ಆಸೆ ಹುಟ್ಟಿಸುವುದು ಇದೇ. ಸ್ಥಳೀಯ ಗ್ರಾವೆಲ್‌ಗೆ 3ರಿಂದ 5 ಶೇಕಡಾ ಸಿಮೆಂಟ್ ಬೆರೆಸಿ ಗಟ್ಟಿ ಪದರ ಮಾಡುವುದು. ಏಳು ದಿನಕ್ಕೆ ಅದರ ಬಲ 1.5ರಿಂದ 3 ಮೆಗಾಪ್ಯಾಸ್ಕಲ್ ಬಂದರೆ ಡಿಸೈನ್‌ನಲ್ಲಿ 600 ಮೆಗಾಪ್ಯಾಸ್ಕಲ್ ಗಡಸುತನ ಹಿಡಿಯಬಹುದು. ಬರೀ ಜಲ್ಲಿಯ ತಳಕ್ಕೆ ನಮ್ಮ ಉದಾಹರಣೆಯಲ್ಲಿ ಸಿಗುವುದು 200ರ ಆಸುಪಾಸು. ಇದರಿಂದ ವೆಟ್‌ಮಿಕ್ಸ್ 250ರಿಂದ 150ಕ್ಕೆ ಇಳಿಯುತ್ತದೆ. ಪಟ್ಟಿ ಹೀಗೆ: 200 ಮಿಮೀ ಸಿಮೆಂಟ್ ಗ್ರಾವೆಲ್, 150 ವೆಟ್‌ಮಿಕ್ಸ್, 50 ಡಿಬಿಎಂ, 30 ಬಿಸಿ. 430 ಮಿಮೀಗೇ ಮುಗಿಯಿತು, ನೂರು ಉಳಿಯಿತು ಅಂತ ಮಾರುವವರು ಹೇಳುತ್ತಾರೆ.

ಅಲ್ಲಿ ಒಂದು ಪದರ ಮರೆತಿರುತ್ತಾರೆ. ಸಿಮೆಂಟ್ ಬೆರೆಸಿದ ಕೆಮ್ಮಣ್ಣು ಗ್ರಾವೆಲ್ ನೀರು ಬಿಡುವುದಿಲ್ಲ. ನಮ್ಮ ಧರೆಯ ಬದಿಯಲ್ಲಿ ಮಳೆಗಾಲದಲ್ಲಿ ಒರತೆ ಒಳಗಿಂದಲೇ ಬರುತ್ತದೆ. ಆದ್ದರಿಂದ ಅದರ ಕೆಳಗೆ 100 ಮಿಮೀ ಜಲ್ಲಿಯ ನೀರಿಳಿಯುವ ಪದರ ಪೂರ್ತಿ ಅಗಲಕ್ಕೆ ಬೇಕು. ಒಟ್ಟು ಮತ್ತೆ 530! ದಪ್ಪ ಉಳಿಯಲಿಲ್ಲ. ಉಳಿದದ್ದು ಜಲ್ಲಿ: 3075ರ ಬದಲು 1675 ಘನಮೀಟರ್. ಅದರ ಬದಲಿಗೆ 6 ಮೀಟರ್ ಅಗಲಕ್ಕೆ 1200 ಘನಮೀಟರ್ ಗ್ರಾವೆಲ್, 4 ಶೇಕಡಾ ಹಿಡಿದರೆ 96 ಟನ್ ಸಿಮೆಂಟ್, ಅಂದರೆ 1920 ಚೀಲ. ಈ 1400 ಘನಮೀಟರ್ ಜಲ್ಲಿಯ ಬೆಲೆ ಮತ್ತು ಸಾಗಣೆ, 1920 ಚೀಲ ಸಿಮೆಂಟ್, ಗ್ರಾವೆಲ್, ಬೆರೆಸುವ ಯಂತ್ರದ ಖರ್ಚಿಗಿಂತ ಜಾಸ್ತಿ ಆದರೆ ಈ ಆಯ್ಕೆ ಗೆಲ್ಲುತ್ತದೆ. ಎರಡು ಸಾಲಿನ ಲೆಕ್ಕ, ಯಾರೂ ಮಾಡಬಹುದು.

ಸೈಟ್‌ನಲ್ಲಿ ಇದು ಕೈಕೊಡುವುದು ಸಮಯದಲ್ಲಿ. ನೀರು, ಸಿಮೆಂಟ್ ಬೆರೆತ ಎರಡು ಗಂಟೆಯೊಳಗೆ ರೋಲರ್ ಹೊಡೆದು ಮುಗಿಸಬೇಕು. ಆಮೇಲೆ ಏಳು ದಿನ ಒದ್ದೆ ಇಟ್ಟು, ಲಾರಿ ಬಿಡದೆ ಕಾಯಬೇಕು. ಬದಲಿ ದಾರಿ ಇಲ್ಲದ ಊರಲ್ಲಿ ಏಳು ದಿನ ಯಾರು ಬಿಡುತ್ತಾರೆ? ಎರಡನೇ ದಿನವೇ ಟಿಪ್ಪರ್ ಹತ್ತಿಸಿದರೆ ಒಳಗೇ ಒಡೆದು, ಸಿಮೆಂಟ್ ಹಾಕಿದ ದುಡ್ಡು ಮಣ್ಣಿಗೆ ಹೋದಂತೆ. ಕೊಳೆತ ಎಲೆ, ಬೇರು ಇರುವ ಗದ್ದೆಯ ಕಪ್ಪು ಮಣ್ಣಿಗೆ ಸಿಮೆಂಟ್ ಹಿಡಿಯುವುದೂ ಇಲ್ಲ. ಹೊರಗಿನ ಗ್ರಾವೆಲ್ಲೇ ಬೇಕು, ಅದರ ಮಾದರಿಗೇ ಪ್ರಯೋಗಾಲಯದಲ್ಲಿ ಸಿಮೆಂಟ್ ಪ್ರಮಾಣ ನಿಗದಿ ಮಾಡಿಸಬೇಕು. ಪಕ್ಕದ ರಸ್ತೆಗೆ 4 ಸಾಕಾಗಿತ್ತು ಅನ್ನುವುದು ಲೆಕ್ಕಕ್ಕಿಲ್ಲ.

ಮೂರನೇ ಆಯ್ಕೆ: ಕಾಂಕ್ರೀಟ್

ದಿನಕ್ಕೆ 450 ಭಾರಿ ವಾಹನದವರೆಗಿನ ರಸ್ತೆಗೆ ಐಆರ್‌ಸಿ ಎಸ್‌ಪಿ 62 ಅನ್ನುವ ಕಾಂಕ್ರೀಟ್ ರಸ್ತೆಯ ಕೈಪಿಡಿ ಇದೆ, ನಮ್ಮ 210 ಅದರೊಳಗೇ ಬರುತ್ತದೆ. ಟಿಪ್ಪರ್ ಓಡಾಟ ಇರುವಲ್ಲಿ 200ರಿಂದ 220 ಮಿಮೀ ಹಾಸು, ಕೆಳಗೆ 150 ಮಿಮೀ ವೆಟ್‌ಮಿಕ್ಸ್ ಅನ್ನುವುದು ಸಾಮಾನ್ಯ ಅಂದಾಜು. 200 ಮಿಮೀ ಹಿಡಿದರೂ ಕಿಲೋಮೀಟರಿಗೆ 1100 ಘನಮೀಟರ್ ಕಾಂಕ್ರೀಟ್. ಘನಮೀಟರಿಗೆ 350 ಕೆಜಿ ಸಿಮೆಂಟ್ ಅಂದರೆ 7700 ಚೀಲ. ಮೊದಲ ಖರ್ಚಿನಲ್ಲಿ ಇದೇ ಭಾರ. ಆದರೆ ವರ್ಷ ವರ್ಷ ಗುಂಡಿ ಮುಚ್ಚುವ ಖರ್ಚಿಲ್ಲ, ನೀರು ನಿಂತರೂ ಮೇಲ್ಮೈ ಕರಗುವುದಿಲ್ಲ.

ಕಾಂಕ್ರೀಟ್ ನಿಜವಾಗಿ ಗೆಲ್ಲುವ ಜಾಗಗಳಿವೆ. ಊರ ಪೇಟೆಯೊಳಗೆ, ಎರಡೂ ಕಡೆ ಅಂಗಡಿ ಇದ್ದು ಚರಂಡಿ ಉಕ್ಕಿ ರಸ್ತೆ ಮೇಲೆ ಹರಿಯುವಲ್ಲಿ. ಘಾಟಿಯ ಬಿಗಿ ತಿರುವಿನಲ್ಲಿ, ಲಾರಿ ಬ್ರೇಕ್ ಹಾಕಿ ಟಾರನ್ನು ತಳ್ಳುವಲ್ಲಿ. ಮಳೆ ನೀರು ರಸ್ತೆ ದಾಟಿ ಹೋಗುವ ತಗ್ಗಿನಲ್ಲಿ.

ಸೋಲುವ ಜಾಗ ಜನ ಅಂದುಕೊಂಡದ್ದಕ್ಕೆ ಉಲ್ಟಾ. ಗದ್ದೆ ಮೆತ್ತಗಿದೆ, ಹಾಗಾಗಿ ಕಾಂಕ್ರೀಟ್ ಹಾಕಿ ಅನ್ನುತ್ತಾರೆ. ಹೊಸದಾಗಿ ಏರಿಸಿದ ಗದ್ದೆ ಏರಿ ಎರಡು ಮೂರು ಮಳೆಗಾಲ ಕೂರುತ್ತಲೇ ಇರುತ್ತದೆ, ಅದೂ ಒಂದೇ ಸಮ ಅಲ್ಲ. ಟಾರು ಅದರ ಜೊತೆ ಬಾಗುತ್ತದೆ, ಆಮೇಲೆ ಸರಿ ಮಾಡಬಹುದು. ಕಾಂಕ್ರೀಟ್ ಹಾಸಿನ ಕೆಳಗೆ ಟೊಳ್ಳಾಗಿ ಮೂಲೆ ಮುರಿಯುತ್ತದೆ. ಮುರಿದ ಹಾಸನ್ನು ಕಿತ್ತು ಮತ್ತೆ ಹಾಕುವುದು ತಾಲೂಕು ಮಟ್ಟದ ಗುತ್ತಿಗೆದಾರರಿಗೆ ಸಲೀಸಲ್ಲ. ಸೇತುವೆ, ಮೋರಿಗಳ ಪಕ್ಕದ ಏರಿಯಲ್ಲಿ ಇದು ಇನ್ನೂ ಜಾಸ್ತಿ.

ಮತ್ತೆ ಕ್ಯೂರಿಂಗ್. ಪೂರ್ತಿ ಸಂಚಾರಕ್ಕೆ ಸುಮಾರು ನಾಲ್ಕು ವಾರ ಕಾಯಬೇಕು. 5.5 ಮೀಟರ್ ರಸ್ತೆಯನ್ನು ಅರ್ಧ ಅರ್ಧ ಮಾಡಿದರೆ ಉಳಿಯುವುದು 2.75 ಮೀಟರ್, ಜೊತೆಗೆ ಮಣ್ಣಿನ ಅಂಚು. ಬಸ್ಸು ಹೇಗೋ ಹೋದೀತು, ಎದುರಿಗೆ ಇನ್ನೊಂದು ಬಂದರೆ ಕಷ್ಟ.

ಹಳೇ ರಸ್ತೆ ಮೇಲೆ ಇನ್ನೊಂದು ಕೋಟ್

ಇದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಹಳೇ ರಸ್ತೆಯ ತಳ ಗಟ್ಟಿ ಇದ್ದರೆ ಇದೇ ಅತ್ಯಂತ ಅಗ್ಗದ ಆಯ್ಕೆ. ತಳ ಗಟ್ಟಿ ಇದೆಯೋ ಇಲ್ಲವೋ ಅನ್ನುವುದು ಕಣ್ಣಿಗೂ ಒಂದಷ್ಟು ಕಾಣುತ್ತದೆ. ಬರೀ ಮೇಲಿನ ಜಲ್ಲಿ ಕಿತ್ತು ಹೋಗಿ ಮೇಲ್ಮೈ ಒರಟಾಗಿದ್ದರೆ ಕೋಟ್ ಸಾಕು. ಚಕ್ರದ ಜಾಡಿನಲ್ಲಿ ಮೊಸಳೆ ಚರ್ಮದ ಹಾಗೆ ಬಿರುಕು ಇದ್ದರೆ ಟಾರಿನ ಪದರವೇ ಸತ್ತಿದೆ. ಜಾಡು ತಗ್ಗಾಗಿ ಪಕ್ಕದಲ್ಲಿ ಉಬ್ಬಿದ್ದರೆ ಮಣ್ಣೇ ಸೋತಿದೆ. ಅಲ್ಲಿ ಕೋಟ್ ಹಾಕಿದರೆ ಅದೇ ಬಿರುಕು ಬೇಗ ಮೇಲೆ ಬರುತ್ತದೆ.

ಅಂದಾಜಿಗಿಂತ ಅಳತೆ ಬೇಕಾದರೆ ಬೆಂಕಲ್‌ಮನ್ ಬೀಮ್ ಪರೀಕ್ಷೆ ಇದೆ. ತುಂಬಿದ ಲಾರಿ ನಿಲ್ಲಿಸಿ, ಮುಂದೆ ಕಳಿಸಿ, ರಸ್ತೆ ಎಷ್ಟು ಮೇಲೆ ಚಿಮ್ಮುತ್ತದೆ ನೋಡುವುದು. ಬೇಸಿಗೆಯಲ್ಲಿ ಮಾಡಿದರೆ ತೇವಾಂಶದ ತಿದ್ದುಪಡಿ ಹಾಕಲೇಬೇಕು. ವರ್ಷಕ್ಕೆ 1300 ಮಿಮೀ ದಾಟಿ ಮಳೆ ಬೀಳುವ ಪ್ರದೇಶಕ್ಕೆ ಐಆರ್‌ಸಿ 81 ಬೇರೆಯದೇ ನಕ್ಷೆ ಕೊಟ್ಟಿದೆ, ಮಲೆನಾಡಿಗೆ ಅದನ್ನೇ ಬಳಸಬೇಕು.

ಹಾಗಾದರೆ ಯಾರಿಗೆ ಯಾವುದು

ನಮ್ಮ ಉದಾಹರಣೆಯ ರಸ್ತೆಗೆ ನಾನಾದರೆ ಒಂದೇ ಆಯ್ಕೆ ಮಾಡುವುದಿಲ್ಲ. ಗುಡ್ಡದ ತುಂಡಿಗೆ ಮೊದಲನೆಯದು. ಗದ್ದೆಯ ತುಂಡಿಗೂ ಮೊದಲನೆಯದೇ, ಗ್ರಾವೆಲ್ ತುಂಬಿ ಎತ್ತರಿಸಿ, ಜಿಎಸ್‌ಬಿ 250 ಮಾಡಿ. ಊರೊಳಗಿನ ಮುನ್ನೂರು ನಾನೂರು ಮೀಟರ್ ಮತ್ತು ನೀರು ದಾಟುವ ತಗ್ಗಿಗೆ ಮಾತ್ರ ಕಾಂಕ್ರೀಟ್. ಕ್ರಷರ್ ದೂರ ಇದ್ದು, ಬದಲಿ ದಾರಿಯೂ ಇದ್ದರೆ ಗುಡ್ಡದ ತುಂಡಿನಲ್ಲಿ ಸಿಮೆಂಟ್ ಗ್ರಾವೆಲ್‌ಗೆ ಹೋಗುತ್ತೇನೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಬೇಡ.

ಕೆಲಸದ ಕಾಲ ನೋಡಿಕೊಳ್ಳಿ. ಮಳೆ ಬಿಟ್ಟು ನವೆಂಬರ್‌ನಿಂದ ಮೇ ನಡುವಿನವರೆಗೆ ಸಿಗುತ್ತದೆ ಅಂದುಕೊಂಡರೂ, ಗದ್ದೆಯಲ್ಲಿ ಕೊಯ್ಲು ಮುಗಿದು ನೆಲ ಒಣಗುವಷ್ಟರಲ್ಲಿ ಜನವರಿ. ಏರಿಯ ಮಣ್ಣು ಆಮೇಲೆ ಶುರು. ಟೆಂಡರ್ ಫೆಬ್ರವರಿಯಲ್ಲಿ ಆಗಿದ್ದರೆ ಗದ್ದೆಯ ಏರಿಯನ್ನು ಈ ವರ್ಷ ಮಣ್ಣು, ಜಿಎಸ್‌ಬಿ, ವೆಟ್‌ಮಿಕ್ಸ್‌ವರೆಗೆ ಮುಗಿಸಿ, ಮೇಲೆ ತಾತ್ಕಾಲಿಕವಾಗಿ ತೆಳ್ಳಗೆ ಟಾರು ಸಿಂಪಡಿಸಿ ಜಲ್ಲಿ ಹರಡಿ ಮುಚ್ಚಿ, ಒಂದು ಮಳೆ ಕೂರಲು ಬಿಟ್ಟು, ಮುಂದಿನ ವರ್ಷ ಡಿಬಿಎಂ ಹಾಕುವುದು ಮೇಲು. ಡಿಬಿಎಂ ಹಾಕಿ ಬಿಸಿ ಹಾಕದೆ ಮಳೆಗಾಲಕ್ಕೆ ಬಿಡುವುದು ಮಾತ್ರ ಬೇಡವೇ ಬೇಡ. ಅದು ನೀರು ತಡೆಯುವ ಪದರ ಅಲ್ಲ.

ದುಡ್ಡು ಕಡಿಮೆ ಇದ್ದರೆ ಸಾಮಾನ್ಯವಾಗಿ ದಪ್ಪ ಕಡಿಮೆ ಮಾಡುತ್ತಾರೆ, ಇಲ್ಲವೇ ವಿಡಿಎಫ್ ಕಾಲಂ ಬದಲಿಸಿ ಡಿಬಿಎಂ ತೆಗೆಯುತ್ತಾರೆ. ಆ 50 ಮಿಮೀ ಅಂದರೆ ಕಿಲೋಮೀಟರಿಗೆ 275 ಘನಮೀಟರ್ ಮಿಶ್ರಣ, 650 ಟನ್‌ಗೂ ಮೀರಿದ್ದು, ಉಳಿತಾಯ ದೊಡ್ಡದಾಗಿಯೇ ಕಾಣುತ್ತದೆ. ನನ್ನ ಮಟ್ಟಿಗೆ ಉದ್ದ ಕಡಿಮೆ ಮಾಡುವುದೇ ಸರಿ. ಐದು ಕಿಲೋಮೀಟರ್ ತೆಳ್ಳಗೆ ಮಾಡುವ ದುಡ್ಡಲ್ಲಿ ಗದ್ದೆಯ ತುಂಡು, ಚರಂಡಿ, ಮೋರಿ ಪೂರ್ತಿ ಮಾಡಿ, ಉಳಿದ ಗಟ್ಟಿ ಗುಡ್ಡದ ಭಾಗಕ್ಕೆ ಈ ಸಲ ಗುಂಡಿ ಮುಚ್ಚಿ ಒಂದು ಕೋಟ್ ಹಾಕಿ. ಅಲ್ಲಿ ಸಿಬಿಆರ್ 8 ಇದೆ, ಇನ್ನೊಂದೆರಡು ವರ್ಷ ಕಾಯುತ್ತದೆ.

ನಿಮ್ಮ ಕೈಗೆ ರಿಪೋರ್ಟ್ ಬಂದಾಗ ದಪ್ಪದ ಪುಟಕ್ಕೆ ಹೋಗುವ ಮೊದಲು ಸಿಬಿಆರ್ ಪಟ್ಟಿ ತೆಗೆದು, ಪ್ರತಿ ಮಾದರಿ ಯಾವ ಕಿಲೋಮೀಟರಿನದ್ದು ನೋಡಿ. ಗದ್ದೆ ಬಯಲಿನ ಜಾಗದ ಒಂದೂ ಮಾದರಿ ಅದರಲ್ಲಿ ಇಲ್ಲದಿದ್ದರೆ ಮೊದಲು ಅಲ್ಲಿ ಎರಡು ಮೂರು ಗುಂಡಿ ತೋಡಿಸಿ ಅಂತ ಬರೆದು ವಾಪಸ್ ಕಳಿಸಿ.